‘2024-25ನೇ ಸಾಲಿನಿಂದ ಜಾರಿ’ ಎಂದರೆ ಯಾರಿಗೆ?

ಅಧ್ಯಯನ ಮಂಡಳಿಗಳ ನಡಾವಳಿ ಪುಸ್ತಕ ತೆರೆದರೆ ಒಂದು ವಾಕ್ಯ ಪುಟಪುಟಕ್ಕೂ ಕಣ್ಣಿಗೆ ಬೀಳುತ್ತದೆ: ‘ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ, ಪರಿಷ್ಕೃತ ಪಠ್ಯಕ್ರಮವನ್ನು 2024-25ನೇ ಶೈಕ್ಷಣಿಕ ಸಾಲಿನಿಂದ ಜಾರಿಗೆ ತರಲು ಅನುಮೋದಿಸಲಾಯಿತು.’ ಓದಿದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹತ್ತಾರು ಸಭೆಗಳಲ್ಲಿ ಕೂತು ಎದ್ದ ನನಗೂ ಬಹಳ ಕಾಲ ಕಂಡಿರಲಿಲ್ಲ. ಒಂದು ಸಂಜೆ ಕಾನೂನು ಓದುತ್ತಿದ್ದ ಹುಡುಗಿಯೊಬ್ಬಳು ಮನೆಗೆ ಬಂದು, ‘ಸರ್, ನಮಗೆ ಪಾಠ ಮಾಡಿದ್ದು ಒಂದು, ಪ್ರಶ್ನೆಪತ್ರಿಕೆ ಬಂದದ್ದು ಇನ್ನೊಂದು’ ಎಂದಳು. ಯಾರದು ತಪ್ಪು ಎಂದು ಹುಡುಕುತ್ತಾ ಹೋದರೆ ಮೇಷ್ಟರದೂ ಅಲ್ಲ, ಪ್ರಶ್ನೆಪತ್ರಿಕೆ ತೆಗೆದವರದೂ ಅಲ್ಲ. ಇಬ್ಬರೂ ಅದೇ ಒಂದು ವಾಕ್ಯವನ್ನು ಓದಿಕೊಂಡಿದ್ದರು, ಬೇರೆ ಬೇರೆ ಅರ್ಥ ಮಾಡಿಕೊಂಡಿದ್ದರು. ಅಂಥ ನಿರ್ಣಯಗಳಿಗೆ ಸಹಿ ಹಾಕಿದ ಸದಸ್ಯರಲ್ಲಿ ನಾನೂ ಒಬ್ಬ.

ಅಧ್ಯಯನ ಮಂಡಳಿ ಎಂದರೆ ಒಂದು ವಿಷಯದಲ್ಲಿ ಏನನ್ನು ಕಲಿಸಬೇಕು, ಎಷ್ಟು ಗಂಟೆ ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎಂದು ತೀರ್ಮಾನಿಸುವ ಸಮಿತಿ. ವಿಶ್ವವಿದ್ಯಾಲಯಗಳಲ್ಲೂ ಸ್ವಾಯತ್ತ ಕಾಲೇಜುಗಳಲ್ಲೂ ಪ್ರತಿ ವಿಷಯಕ್ಕೆ ಇಂಥದೊಂದು ಮಂಡಳಿ ಇರುತ್ತದೆ. ಸ್ವಾಯತ್ತ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರು ಅದರ ಅಧ್ಯಕ್ಷರು. ವಿಭಾಗದ ಅಧ್ಯಾಪಕರ ಜೊತೆಗೆ ಹೊರಗಿನ ವಿಷಯತಜ್ಞರು, ಕುಲಪತಿಗಳು ನಾಮಕರಣ ಮಾಡಿದ ಒಬ್ಬ ತಜ್ಞರು, ಉದ್ಯೋಗ ಕ್ಷೇತ್ರದ ಒಬ್ಬರು, ಒಬ್ಬ ಹಳೆಯ ವಿದ್ಯಾರ್ಥಿ ಸೇರುತ್ತಾರೆ. ಸಭೆ ಹೆಚ್ಚೆಂದರೆ ಅರ್ಧ ದಿನದ್ದು. ಊಟದ ಹೊತ್ತಿಗೆ ಮಾತು ಮುಗಿಯುತ್ತದೆ, ಪ್ರಯಾಣ ಭತ್ಯೆಯ ಅರ್ಜಿಗೆ ಸಹಿಯಾಗುತ್ತದೆ, ತಜ್ಞರು ಬಸ್ಸು ಹಿಡಿಯುತ್ತಾರೆ. ಆಮೇಲೆ ಉಳಿಯುವುದು ನಡಾವಳಿ ಒಂದೇ. ಪರೀಕ್ಷಾ ವಿಭಾಗದ ಗುಮಾಸ್ತರು, ಐದು ವರ್ಷದ ನಂತರ ಬರುವ ನ್ಯಾಕ್ ತಂಡ, ನ್ಯಾಯಾಲಯಕ್ಕೆ ಹೋದ ವಿದ್ಯಾರ್ಥಿಯ ವಕೀಲರು, ಎಲ್ಲರೂ ಓದುವುದು ಅದನ್ನೇ. ಸಭೆಯಲ್ಲಿ ಯಾರು ಎಷ್ಟು ಚೆನ್ನಾಗಿ ವಾದಿಸಿದರು ಎಂಬುದು ಅದರಲ್ಲಿ ಬರೆದಿದ್ದರೆ ಮಾತ್ರ ಉಂಟು.

ನಡಾವಳಿ ಬರೆಯುವುದು ಎಷ್ಟು ಸೂಕ್ಷ್ಮದ ಕೆಲಸ ಎಂದು ತೋರಿಸಲು 2024ರ ಅಪರಾಧ ಕಾನೂನಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1860ರ ಭಾರತೀಯ ದಂಡ ಸಂಹಿತೆ, ಅಂದರೆ ಎಲ್ಲರ ಬಾಯಲ್ಲಿರುವ ಐಪಿಸಿ, ಹೋಗಿ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಸಾಕ್ಷ್ಯ ಕಾಯಿದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮವೂ ಬಂದವು. ಸಂಸತ್ತು ಈ ಮೂರನ್ನೂ 2023ರ ಡಿಸೆಂಬರಿನಲ್ಲಿ ಒಪ್ಪಿತು. 2024ರ ಜುಲೈ 1ರಿಂದ ಜಾರಿ ಎಂಬ ಅಧಿಸೂಚನೆ ಫೆಬ್ರುವರಿಯಲ್ಲಿ ಹೊರಬಿತ್ತು. ಮೇ ತಿಂಗಳಲ್ಲಿ ಭಾರತೀಯ ವಕೀಲರ ಪರಿಷತ್ತು, 2024-25ನೇ ಸಾಲಿನಿಂದ ಹೊಸ ಕಾನೂನುಗಳನ್ನು ಪಠ್ಯದಲ್ಲಿ ಸೇರಿಸಿ ಎಂದು ಕಾನೂನು ಶಿಕ್ಷಣ ಸಂಸ್ಥೆಗಳಿಗೆ ಸುತ್ತೋಲೆ ಕಳಿಸಿತು. ಸುತ್ತೋಲೆ ಬರಲಿ ಎಂದು ಮೇ ತನಕ ಕಾಯಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನಾಂಕ ಗೊತ್ತಾದ ಫೆಬ್ರುವರಿಯಲ್ಲೇ ಮಂಡಳಿ ಸೇರಿದ್ದರೆ ಕೈಯಲ್ಲಿ ನಾಲ್ಕು ತಿಂಗಳು ಇರುತ್ತಿದ್ದವು.

ಈಗ ಒಂದು ಕಾನೂನು ಅಧ್ಯಯನ ಮಂಡಳಿಯನ್ನು ಕಲ್ಪಿಸಿಕೊಳ್ಳೋಣ. ಅದರ ಮುಂದೆ ಎರಡು ಕೋರ್ಸುಗಳಿವೆ. ಮೂರು ವರ್ಷದ ಎಲ್‌ಎಲ್‌ಬಿಯಲ್ಲಿ ಅಪರಾಧ ಕಾನೂನು ಮೊದಲ ಸೆಮಿಸ್ಟರಿನಲ್ಲೇ ಇದೆ. ಐದು ವರ್ಷದ ಬಿಎ ಎಲ್‌ಎಲ್‌ಬಿಯಲ್ಲಿ ಅದು ಐದನೆಯ ಸೆಮಿಸ್ಟರಿನಲ್ಲಿದೆ. ಮಂಡಳಿ ಎರಡಕ್ಕೂ ಸೇರಿಸಿ ಆ ಮಾಮೂಲಿ ವಾಕ್ಯವನ್ನೇ ಬರೆಯಿತು: 2024-25ನೇ ಸಾಲಿನಿಂದ ಜಾರಿ.

ಮೂರು ವರ್ಷದ ಕೋರ್ಸಿನಲ್ಲಿ ತೊಂದರೆಯಿಲ್ಲ. ಆ ವರ್ಷ ಸೇರಿದವರೇ ಆ ವರ್ಷ ಅಪರಾಧ ಕಾನೂನು ಓದುತ್ತಾರೆ. ಐದು ವರ್ಷದ ಕೋರ್ಸಿಗೆ ಬಂದಾಗ ವಾಕ್ಯ ಇಬ್ಭಾಗವಾಗುತ್ತದೆ. ವಿಶ್ವವಿದ್ಯಾಲಯದ ರೂಢಿಯಲ್ಲಿ ಪಠ್ಯಕ್ರಮ ವಿದ್ಯಾರ್ಥಿ ಸೇರಿದ ವರ್ಷಕ್ಕೆ ಅಂಟಿಕೊಂಡಿರುತ್ತದೆ. ಯಾವ ವರ್ಷ ಪ್ರವೇಶವೋ ಆ ವರ್ಷದ ಪಠ್ಯ ಕೊನೆಯವರೆಗೂ ಅವರದು. ಈ ರೂಢಿಯಂತೆ ಓದಿದರೆ ಹೊಸ ಪಠ್ಯ 2024-25ರಲ್ಲಿ ಸೇರಿದವರಿಗೆ ಮಾತ್ರ. ಅವರು ಐದನೆಯ ಸೆಮಿಸ್ಟರು ತಲುಪುವುದು 2026-27ರಲ್ಲಿ. ಅಲ್ಲಿಯವರೆಗೆ ಎರಡು ತಂಡಗಳು, ಅಂದರೆ 2022-23ರಲ್ಲಿ ಸೇರಿದವರು ಮತ್ತು 2023-24ರಲ್ಲಿ ಸೇರಿದವರು, ರದ್ದಾದ ಐಪಿಸಿಯನ್ನೇ ಓದಿ 2027ರಲ್ಲೂ 2028ರಲ್ಲೂ ಪದವಿ ಪಡೆಯುತ್ತಾರೆ. ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋದ ದಿನ ಅವರ ಕೈಗೆ ಬರುವ ಎಫ್‌ಐಆರ್‌ನಲ್ಲಿರುವ ಕಲಂಗಳನ್ನು ಅವರು ತರಗತಿಯಲ್ಲಿ ಒಮ್ಮೆಯೂ ಕೇಳಿರುವುದಿಲ್ಲ.

ಇನ್ನೊಂದು ಓದು ಹೀಗೆ: 2024-25ರಲ್ಲಿ ಯಾರು ಆ ಸೆಮಿಸ್ಟರಿನಲ್ಲಿ ಕೂತಿದ್ದಾರೋ ಅವರಿಗೆಲ್ಲ ಹೊಸ ಪಠ್ಯ, ಯಾವ ವರ್ಷ ಸೇರಿದ್ದರೂ ಸರಿ. ಕಾನೂನು ಬದಲಾದಾಗ ಇದೇ ಸರಿಯಾದ ಅರ್ಥ. ಸಾಹಿತ್ಯದ ಪತ್ರಿಕೆಯಲ್ಲಿ ಒಂದು ಕಾದಂಬರಿಯ ಬದಲು ಇನ್ನೊಂದನ್ನು ಇಟ್ಟಾಗ ಹಳೆಯ ತಂಡ ಹಳೆಯದನ್ನೇ ಓದಿದರೆ ನಷ್ಟವಿಲ್ಲ. ಇಲ್ಲಿ ನಷ್ಟವಿದೆ. ಆದರೆ ಇದು ರೂಢಿಗೆ ವಿರುದ್ಧವಾದ್ದರಿಂದ ತಾನಾಗಿ ಯಾರೂ ಹೀಗೆ ಓದುವುದಿಲ್ಲ, ಬರೆದು ಹೇಳಬೇಕು. ನಾನಾದರೆ ನಿರ್ಣಯವನ್ನು ಹೀಗೆ ಬರೆಯುತ್ತೇನೆ:

‘ಐದು ವರ್ಷದ ಬಿಎ ಎಲ್‌ಎಲ್‌ಬಿ ಕೋರ್ಸಿನ ಐದನೆಯ ಸೆಮಿಸ್ಟರಿನ ಅಪರಾಧ ಕಾನೂನು ಪತ್ರಿಕೆಯ ಪರಿಷ್ಕೃತ ಪಠ್ಯವು, ಪ್ರವೇಶ ಪಡೆದ ವರ್ಷ ಯಾವುದೇ ಇರಲಿ, 2024-25ನೇ ಸಾಲಿನಲ್ಲಿ ಮತ್ತು ಆನಂತರ ಐದನೆಯ ಸೆಮಿಸ್ಟರಿಗೆ ಮೊದಲ ಬಾರಿ ನೋಂದಾಯಿಸುವ ಎಲ್ಲ ವಿದ್ಯಾರ್ಥಿಗಳಿಗೆ ಅನ್ವಯಿಸತಕ್ಕದ್ದು.’

‘ಮೊದಲ ಬಾರಿ’ ಎಂಬ ಮಾತನ್ನು ಬೇಕೆಂದೇ ಹಾಕಿದ್ದೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಕಾರಣ. ‘ವಕೀಲರ ಪರಿಷತ್ತಿನ ಸುತ್ತೋಲೆಯ ಮೇರೆಗೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಅದು ಸುಳ್ಳಲ್ಲ, ಸಾಲದು ಅಷ್ಟೇ. ಸುತ್ತೋಲೆ ಹೊಸ ಕಾನೂನು ಕಲಿಸಿ ಎನ್ನುತ್ತದೆ. ಹಳೆಯದನ್ನು ಎಷ್ಟು ಉಳಿಸಬೇಕು, ಯಾವ ಘಟಕದಿಂದ ಎಷ್ಟು ಗಂಟೆ ಕಿತ್ತು ಯಾವುದಕ್ಕೆ ಕೊಡಬೇಕು ಎಂಬುದನ್ನು ತೀರ್ಮಾನಿಸಬೇಕಾದವರು ಮಂಡಳಿಯವರು. ಹಾಗಾಗಿ ಕಾರಣವನ್ನೂ ಅವರೇ ಕೊಡಬೇಕು. ಒಳ್ಳೆಯ ನಡಾವಳಿಗೆ ಒಂದು ಅನುಬಂಧ ಇರುತ್ತದೆ. ಅದರಲ್ಲಿ ಎಡಕ್ಕೆ ಹಳೆಯ ಪಠ್ಯ, ನಡುವೆ ಹೊಸ ಪಠ್ಯ, ಬಲಕ್ಕೆ ಕಾರಣ, ಘಟಕಕ್ಕೊಂದು ಸಾಲಿನಂತೆ.

ಒಂದೆರಡು ಸಾಲು ತುಂಬಿ ನೋಡೋಣ. ಐಪಿಸಿಯಲ್ಲಿ 511 ಕಲಂಗಳಿದ್ದವು, ನ್ಯಾಯ ಸಂಹಿತೆಯಲ್ಲಿ 358 ಇವೆ. ಬಹುಪಾಲು ಅಪರಾಧಗಳ ವ್ಯಾಖ್ಯೆ ಹಳೆಯದೇ, ಮನೆ ಸಂಖ್ಯೆ ಮಾತ್ರ ಬದಲಾಗಿದೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103. ಬೈಗುಳವೇ ಆಗಿಹೋಗಿದ್ದ 420, ಅಂದರೆ ವಂಚನೆ, ಈಗ 318ರೊಳಗಿದೆ. ಗಂಡನ ಮನೆಯ ಕ್ರೌರ್ಯದ 498ಎ ಈಗ 85. ಬರೀ ಸಂಖ್ಯೆ ತಾನೇ, ಕಂಠಪಾಠ ಮಾಡಿಕೊಳ್ಳಲಿ ಎಂದು ಬಿಡುವ ಹಾಗಿಲ್ಲ. ಏಕೆಂದರೆ ಹಳೆಯ ಸಂಖ್ಯೆಗಳು ಖಾಲಿ ಉಳಿದಿಲ್ಲ, ಅಲ್ಲಿ ಬೇರೆಯವರು ಬಿಡಾರ ಹೂಡಿದ್ದಾರೆ. ನ್ಯಾಯ ಸಂಹಿತೆಯ 302 ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದ ಆಡುವ ಮಾತಿಗೆ ಸಂಬಂಧಿಸಿದ್ದು. ಹಳೆಯ ನೋಟ್ಸು ಓದಿದ ವಿದ್ಯಾರ್ಥಿ ಹೊಸ ಸಂಹಿತೆಯಡಿ ಕೊಲೆಗೆ 302 ಎಂದು ಬರೆದರೆ ಅವನು ಬರೆದದ್ದು ಬೇರೊಂದು ಅಪರಾಧ. ಅನುಬಂಧದ ಕಾರಣದ ಕಾಲಮ್ಮಿನಲ್ಲಿ ಇದನ್ನು ಇಷ್ಟೇ ನೇರವಾಗಿ ಬರೆದರೆ, ಹಳೆಯ ಪುಸ್ತಕವನ್ನೇ ಇಟ್ಟುಕೊಂಡು ನಡೆಸುತ್ತೇನೆ ಎನ್ನುವ ಅಧ್ಯಾಪಕರಿಗೂ ಉತ್ತರ ಸಿಗುತ್ತದೆ, ಮೌಲ್ಯಮಾಪಕರಿಗೂ ಅಂಕ ಏಕೆ ಕಳೆಯಬೇಕೆಂದು ಗೊತ್ತಾಗುತ್ತದೆ.

ಹಾಗೆಂದು ಐಪಿಸಿಯನ್ನು ಪೂರ್ತಿ ತೆಗೆದುಹಾಕುವುದೂ ತಪ್ಪು. ಇದು ಬಹಳ ಜನರಿಗೆ ಆಶ್ಚರ್ಯದ ಮಾತು. ಅಪರಾಧ ನಡೆದ ದಿನ ಯಾವ ಕಾನೂನು ಜಾರಿಯಲ್ಲಿತ್ತೋ ಅದರಂತೆಯೇ ಶಿಕ್ಷೆ. ಸಂವಿಧಾನದ 20ನೇ ವಿಧಿ ಹಾಗೆ ಹೇಳುತ್ತದೆ, ನ್ಯಾಯ ಸಂಹಿತೆಯ ಕೊನೆಯ ಕಲಂ 358 ಹಳೆಯ ಪ್ರಕರಣಗಳನ್ನು ಉಳಿಸಿಕೊಂಡಿದೆ. 2024ರ ಜೂನ್ 30ರ ರಾತ್ರಿ ಹತ್ತಕ್ಕೆ ನಡೆದ ಕೊಲೆ ಐಪಿಸಿ 302ರ ಪ್ರಕರಣ. ನಡುರಾತ್ರಿ ದಾಟಿ ಒಂದು ಗಂಟೆಗೆ ನಡೆದದ್ದು ನ್ಯಾಯ ಸಂಹಿತೆ 103ರ ಪ್ರಕರಣ. ಮೊದಲನೆಯದರ ವಿಚಾರಣೆ, ಮೇಲ್ಮನವಿ ಎಲ್ಲ ಮುಗಿಯಲು ಎಷ್ಟು ವರ್ಷ ಹಿಡಿಯುತ್ತದೆಂದು ನಮ್ಮ ಕೋರ್ಟುಗಳನ್ನು ಬಲ್ಲವರು ಊಹಿಸಬಹುದು. ಇದರ ಜೊತೆಗೆ, ಸರ್ವೋಚ್ಚ ನ್ಯಾಯಾಲಯದ ಹಳೆಯ ತೀರ್ಪುಗಳೆಲ್ಲ ಐಪಿಸಿಯ ಸಂಖ್ಯೆಯಲ್ಲೇ ಮಾತಾಡುತ್ತವೆ. ಆದ ಗಾಯವನ್ನೇ ಮಾಡುವ ಉದ್ದೇಶ ಇತ್ತೇ, ಆ ಗಾಯ ಸಾವಿಗೆ ಸಾಕಾಗುವಂಥದೇ ಎಂಬುದನ್ನು ಹೇಗೆ ತೂಗಬೇಕೆಂದು ಹೇಳಿದ 1958ರ ವಿರ್ಸಾ ಸಿಂಗ್ ತೀರ್ಪು ಇಂದಿಗೂ ಪಾಠದಲ್ಲಿದೆ. ಅದು ಚರ್ಚಿಸುವುದು ಐಪಿಸಿ 300ರ ಮೂರನೆಯ ಭಾಗವನ್ನು. ಹೊಸ ಸಂಹಿತೆಯಲ್ಲಿ ಅದು 101ರ ಮೂರನೆಯ ಖಂಡವಾಗಿ ಕೂತಿದೆ. ಈ ದಾರಿ ತೋರಿಸದಿದ್ದರೆ ವಿದ್ಯಾರ್ಥಿ ತೀರ್ಪು ತೆರೆದು ಕಣ್ಣು ಕಣ್ಣು ಬಿಡುತ್ತಾನೆ. ಆದ್ದರಿಂದ ಮೊದಲ ಘಟಕದಲ್ಲಿ ಹಳೆಯ ಮತ್ತು ಹೊಸ ಕಲಂಗಳ ಹೋಲಿಕೆ, ಯಾವ ಪ್ರಕರಣಕ್ಕೆ ಯಾವ ಕಾನೂನು ಎಂಬ ವಿವರ, ಇವೆರಡಕ್ಕೂ ಜಾಗ ಬೇಕು.

ಜಾಗ ಎಲ್ಲಿಂದ ಬರಬೇಕು? ಪತ್ರಿಕೆಗೆ ಐದು ಘಟಕ, ಘಟಕಕ್ಕೆ ಹನ್ನೆರಡು ಗಂಟೆ ಎಂದರೆ ಒಟ್ಟು ಅರವತ್ತು. ಅದು ರಬ್ಬರಲ್ಲ. ಮಂಡಳಿಗಳು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಹೊಸದಾಗಿ ಬಂದ ಸಂಘಟಿತ ಅಪರಾಧದ 111, ಭಯೋತ್ಪಾದಕ ಕೃತ್ಯದ 113, ಐದು ಅಥವಾ ಹೆಚ್ಚು ಮಂದಿ ಗುಂಪುಗೂಡಿ ಜಾತಿ, ಭಾಷೆ ಮುಂತಾದ ನೆಪದಲ್ಲಿ ಮಾಡುವ ಕೊಲೆಯ 103(2), ಸಣ್ಣ ಅಪರಾಧಗಳಿಗೆ ಶಿಕ್ಷೆಯಾಗಿ ಬಂದಿರುವ ಸಮುದಾಯ ಸೇವೆ, ಎಲ್ಲವನ್ನೂ ಸೇರಿಸುತ್ತಾರೆ, ಏನನ್ನೂ ತೆಗೆಯುವುದಿಲ್ಲ. ಯಾರ ಮನಸ್ಸನ್ನೂ ನೋಯಿಸಬಾರದೆಂಬ ಸೌಜನ್ಯ ಅದಕ್ಕೆ ಕಾರಣ. ಆ ಸೌಜನ್ಯದ ಭಾರ ಬೀಳುವುದು ತರಗತಿಯ ಮೇಲೆ. ಕೊನೆಯ ಘಟಕ ಓಟದಲ್ಲಿ ಮುಗಿಯುತ್ತದೆ, ಇಲ್ಲವೇ ‘ಮನೆಯಲ್ಲಿ ಓದಿಕೊಳ್ಳಿ’ ಎಂದಾಗುತ್ತದೆ. ನಡಾವಳಿಯಲ್ಲಿ ‘ಸೇರಿಸಲಾಗಿದೆ’ ಎಂಬ ಸಾಲುಗಳು ಹತ್ತಿದ್ದು ‘ಕೈಬಿಡಲಾಗಿದೆ’ ಎಂಬುದು ಒಂದೂ ಇಲ್ಲದಿದ್ದರೆ ಆ ಪರಿಷ್ಕರಣೆ ಕಾಗದದ ಮೇಲೆ ನಡೆದದ್ದು ಎಂದೇ ತಿಳಿಯಬೇಕು. ಕೈಬಿಟ್ಟದ್ದಕ್ಕೂ ಕಾರಣ ಬರೆಯಬೇಕು. ಉದಾಹರಣೆಗೆ, ನಾಣ್ಯ ಮತ್ತು ಅಂಚೆಚೀಟಿಯ ಅಪರಾಧಗಳಿಗೆ ಮೀಸಲಿದ್ದ ಎರಡು ಗಂಟೆಯನ್ನು ಸಂಘಟಿತ ಅಪರಾಧಕ್ಕೆ ವರ್ಗಾಯಿಸಲಾಗಿದೆ, ಏಕೆಂದರೆ ಅವುಗಳ ತತ್ವ ಬೇರೆ ಘಟಕದ ಖೋಟಾ ದಾಖಲೆಯ ಭಾಗದಲ್ಲಿ ಬರುತ್ತದೆ. ಇಷ್ಟು ಸಾಕು. ಮುಂದೊಂದು ದಿನ ಬೇರೆ ಮಂಡಳಿ ಅದನ್ನು ವಾಪಸು ತರಬೇಕೆಂದರೆ ಯಾವ ಕಾರಣವನ್ನು ಅಲ್ಲಗಳೆಯಬೇಕೆಂದು ಗೊತ್ತಿರುತ್ತದೆ.

ಒಂದು ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗಲಾರೆ. ಅಜಾಗರೂಕ ಚಾಲನೆಯಿಂದ ಸಾವು ತಂದು, ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ತಿಳಿಸದೆ ಪರಾರಿಯಾದ ಚಾಲಕನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎನ್ನುವ 106(2)ನೆಯ ಉಪಕಲಂ ವಿರುದ್ಧ 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದ್ದು ನೆನಪಿರಬಹುದು. ಜುಲೈ 1ರ ಜಾರಿ ಅಧಿಸೂಚನೆ ಆ ಒಂದು ಉಪಕಲಮನ್ನು ಹೊರಗಿಟ್ಟಿತು. ಪುಸ್ತಕದಲ್ಲಿ ಅದು ಅಚ್ಚಾಗಿದೆ, ಆದರೆ ಅಂದು ಜಾರಿಗೆ ಬರಲಿಲ್ಲ. ಸಂಹಿತೆಯನ್ನು ಮೊದಲಿಂದ ಕೊನೆಯತನಕ ಪಠ್ಯದೊಳಗೆ ಇಳಿಸಿದ ಮಂಡಳಿಗೆ ಇದು ಕಾಣುವುದಿಲ್ಲ. ಅಧಿಸೂಚನೆಯನ್ನು ಓದಿದ ಮಂಡಳಿ ಅನುಬಂಧದಲ್ಲಿ ಒಂದು ಸಾಲು ಸೇರಿಸುತ್ತದೆ: ‘106(2)ನ್ನು ಚರ್ಚೆಗೆ ಇಟ್ಟುಕೊಳ್ಳಬಹುದು, ಜಾರಿಯ ಅಧಿಸೂಚನೆ ಹೊರಡುವವರೆಗೆ ಜಾರಿಯಲ್ಲಿರುವ ಕಾನೂನೆಂದು ಪ್ರಶ್ನೆ ಕೇಳಬಾರದು.’ ಹೊರಗಿನ ತಜ್ಞರಾಗಿ ಒಬ್ಬ ವೃತ್ತಿನಿರತ ವಕೀಲರನ್ನು ಕೂರಿಸಿಕೊಂಡರೆ ಇಂಥವು ತಪ್ಪಿಹೋಗುವುದಿಲ್ಲ. ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ದಾಖಲಿಸುವುದು ಒಳ್ಳೆಯ ಪದ್ಧತಿ, ಅವರ ಮಾತನ್ನು ಮಂಡಳಿ ಒಪ್ಪದಿದ್ದರೂ ಕೂಡ.

‘ಅನುಮೋದಿಸಲಾಯಿತು’ ಎಂಬ ಕ್ರಿಯಾಪದದ ಬಗ್ಗೆಯೂ ನನ್ನದೊಂದು ತಕರಾರಿದೆ. ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಂಡಳಿ ಶಿಫಾರಸು ಮಾಡುತ್ತದೆ, ಅಂತಿಮ ಒಪ್ಪಿಗೆ ಕೊಡುವುದು ವಿದ್ಯಾವಿಷಯಕ ಪರಿಷತ್ತು. ಪರಿಷತ್ತು ಒಪ್ಪಿ, ಕುಲಸಚಿವರ ಅಧಿಸೂಚನೆ ಹೊರಡುವವರೆಗೆ ಮಂಡಳಿಯ ನಿರ್ಣಯ ಕಡತದೊಳಗಿನ ಕಾಗದ. ಮಂಡಳಿ ಜೂನಿನಲ್ಲಿ ಸೇರಿ, ಪರಿಷತ್ತು ನವೆಂಬರಿನಲ್ಲಿ ಸೇರಿದರೆ ಆಗಸ್ಟಿನಲ್ಲಿ ಶುರುವಾದ ಸೆಮಿಸ್ಟರಿನಲ್ಲಿ ಯಾವ ಪಠ್ಯ? ಇಂಥ ತುರ್ತಿನಲ್ಲಿ ಪರಿಷತ್ತಿನ ಒಪ್ಪಿಗೆಯನ್ನು ನಿರೀಕ್ಷಿಸಿ ಕುಲಪತಿಗಳು ಆದೇಶ ಹೊರಡಿಸಿ, ಆಮೇಲೆ ಘಟನೋತ್ತರ ಅನುಮೋದನೆ ಪಡೆಯುವ ದಾರಿಯಿದೆ. ಆ ದಾರಿ ಹಿಡಿಯಬೇಕೆಂದು ಕೋರುವ ಸಾಲು ಮಂಡಳಿಯ ನಡಾವಳಿಯಲ್ಲೇ ಇರಬೇಕು, ತುರ್ತು ಏನೆಂದೂ ಬರೆದಿರಬೇಕು. ಇಲ್ಲಿ ತುರ್ತು ಬಲು ಸ್ಪಷ್ಟ: ಜುಲೈ 1ಕ್ಕೆ ಕಾನೂನು ಬದಲಾಗುತ್ತದೆ, ತರಗತಿ ಕಾಯುವುದಿಲ್ಲ.

ಇದರ ಜೊತೆಗೆ ಪತ್ರಿಕೆಯ ಸಂಕೇತವನ್ನು ಬದಲಿಸಬೇಕು. ಪರೀಕ್ಷಾ ವಿಭಾಗಕ್ಕೆ ಪತ್ರಿಕೆಯ ಹೆಸರಿಗಿಂತ ಅದರ ಸಂಕೇತವೇ ಮುಖ್ಯ. ಪ್ರಶ್ನೆಪತ್ರಿಕೆಯ ಬಂಡಲ್ಲು, ಪ್ರವೇಶಪತ್ರ, ಅಂಕಪಟ್ಟಿ ಎಲ್ಲ ಅದರ ಮೇಲೆ ಓಡುತ್ತವೆ. ಪಠ್ಯ ಬದಲಾಗಿ ಸಂಕೇತ ಹಾಗೇ ಉಳಿದರೆ, ಹಿಂದಿನ ವರ್ಷ ತೆಗೆಸಿಟ್ಟಿದ್ದ ಹಳೆಯ ಪ್ರಶ್ನೆಪತ್ರಿಕೆಯ ಲಕೋಟೆ ಹೊಸ ವಿದ್ಯಾರ್ಥಿಗಳ ಕೊಠಡಿಗೆ ಹೋಗುವುದನ್ನು ತಡೆಯುವವರು ಯಾರೂ ಇಲ್ಲ. ಅಂದು ಮನೆಗೆ ಬಂದ ಹುಡುಗಿಗೆ ಆದದ್ದು ಇದೇ. ಜಾರಿಯ ವರ್ಷ ಯಾರಿಗೆ ಎಂದು ಹೇಳದ ನಿರ್ಣಯ, ಬದಲಾಗದ ಸಂಕೇತ, ಎರಡೂ ಒಟ್ಟಿಗೆ ಸೇರಿದ್ದವು. ಅವಳಿಗೂ ಅವಳ ಸಹಪಾಠಿಗಳಿಗೂ ಮರುಪರೀಕ್ಷೆ ನಡೆಸಬೇಕಾಯಿತು.

ಈಗ ‘ಮೊದಲ ಬಾರಿ’ಗೆ ಬರೋಣ. 2023-24ರಲ್ಲಿ ಐಪಿಸಿ ಓದಿ ಅನುತ್ತೀರ್ಣನಾದ ವಿದ್ಯಾರ್ಥಿ 2024-25ರಲ್ಲಿ ಮತ್ತೆ ಪರೀಕ್ಷೆಗೆ ಕೂರುತ್ತಾನೆ. ಅವನಿಗೆ ಯಾರೂ ನ್ಯಾಯ ಸಂಹಿತೆ ಕಲಿಸಿಲ್ಲ, ಕಲಿಸದೇ ಕೇಳುವುದು ಅನ್ಯಾಯ. ಹಳೆಯ ಸಂಕೇತದಲ್ಲಿ, ಹಳೆಯ ಪಠ್ಯದಂತೆ ಅವನಿಗೆ ಪ್ರಶ್ನೆಪತ್ರಿಕೆ ತೆಗೆಯಬೇಕು. ಎಷ್ಟು ಕಾಲ? ಅದಕ್ಕೊಂದು ಗಡಿ ಇರಬೇಕು, ಇಲ್ಲದಿದ್ದರೆ ಹತ್ತು ವರ್ಷವಾದರೂ ಮೂವರಿಗಾಗಿ ಒಂದು ಪತ್ರಿಕೆ ತೆಗೆಸುತ್ತಾ ಕೂರಬೇಕಾಗುತ್ತದೆ. ‘ಹಳೆಯ ಪಠ್ಯದಂತೆ ಇನ್ನು ನಾಲ್ಕು ಪರೀಕ್ಷೆಗಳು ಮಾತ್ರ, ಆನಂತರ ಹೊಸ ಸಂಕೇತದ ಪತ್ರಿಕೆಯನ್ನು ಇದಕ್ಕೆ ಸಮಾನವೆಂದು ಪರಿಗಣಿಸತಕ್ಕದ್ದು’ ಎಂದು ಬರೆದರೆ ವಿದ್ಯಾರ್ಥಿಗೂ ಗೊತ್ತು, ಗುಮಾಸ್ತರಿಗೂ ಗೊತ್ತು. ನಾಲ್ಕೋ ಎರಡೋ ಎಂಬುದು ಮಂಡಳಿಯ ವಿವೇಚನೆ. ಪರೀಕ್ಷೆಯ ತಿಂಗಳು ಮತ್ತು ವರ್ಷವನ್ನೇ ಹೆಸರಿಸಿಬಿಟ್ಟರೆ ಎಣಿಕೆಯ ಜಗಳವೂ ಇರುವುದಿಲ್ಲ.

ಕೊನೆಗೆ ಉಳಿಯುವವರು, ಯಾವ ವಾಕ್ಯದ ಯಾವ ಓದಿಗೂ ಸಿಗದವರು. 2021-22ರಲ್ಲಿ ಸೇರಿದ ವಿದ್ಯಾರ್ಥಿ 2023-24ರಲ್ಲಿ ಐದನೆಯ ಸೆಮಿಸ್ಟರಿನಲ್ಲಿ ಐಪಿಸಿ ಓದಿ, ಮೊದಲ ಸಲಕ್ಕೇ ಪಾಸಾಗಿದ್ದಾನೆ. ಅವನ ಪಾಲಿಗೆ ಆ ಪತ್ರಿಕೆ ಮುಗಿದ ಅಧ್ಯಾಯ. 2026ರಲ್ಲಿ ಅವನಿಗೆ ಪದವಿ ಸಿಗುತ್ತದೆ, ಹೊಸ ಸಂಹಿತೆಯ ಒಂದು ಪಾಠವೂ ಇಲ್ಲದೆ. ಫೇಲಾದವನ ಬಗ್ಗೆ ಮಂಡಳಿ ಯೋಚಿಸುತ್ತದೆ, ಪಾಸಾದವನನ್ನು ಮರೆಯುತ್ತದೆ. 2024ರಲ್ಲಿ ನಾನು ಯಾವುದಾದರೂ ಕಾನೂನು ಮಂಡಳಿಯಲ್ಲಿ ಇದ್ದಿದ್ದರೆ ಕಾರ್ಯಸೂಚಿಗೆ ಇನ್ನೊಂದು ವಿಷಯ ಸೇರಿಸಿ ಎಂದು ಹಟ ಹಿಡಿಯುತ್ತಿದ್ದೆ: ಏಳನೆಯ ಮತ್ತು ಒಂಬತ್ತನೆಯ ಸೆಮಿಸ್ಟರಿನಲ್ಲಿರುವ ಎಲ್ಲರಿಗೂ ಹೊಸ ಅಪರಾಧ ಕಾನೂನುಗಳ ಹದಿನೈದು ಗಂಟೆಯ ಸೇತು ಪಾಠ, ಅಂಕವಿಲ್ಲದೆ, ಹಾಜರಾತಿ ಕಡ್ಡಾಯವಾಗಿ, 2024-25ರ ಬೆಸ ಸೆಮಿಸ್ಟರಿನಲ್ಲೇ, ಶನಿವಾರದ ಮಧ್ಯಾಹ್ನಗಳಲ್ಲಿ.